ಒಂದು ರಜಾ ಚೀಟಿ, ಒಂದು ಭೇಟಿಯ ವಿನಂತಿ

ಮಗುವಿನ ಕಲಿಕೆಯ ಬಗ್ಗೆ ಮಾತನಾಡಲು ಶಾಲೆಯ ಪ್ರಾಂಶುಪಾಲರ ಭೇಟಿಯನ್ನು ಕೋರಿ ನಾಲ್ಕು ಸಾಲು ಬರೆಯುವುದರಲ್ಲಿ ಧರ್ಮಾಧರ್ಮದ ಪ್ರಶ್ನೆ ಏನಿದೆ ಎಂದು ವಾಚಕ ಬಂಧುಗಳು ಕೇಳಬಹುದು. ಕಳೆದ ವರ್ಷದ ದೀಪಾವಳಿಯವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆ. ವ್ಯಾಪಾರದಲ್ಲಿ ನಲವತ್ತೈದು ವರ್ಷ ಕಳೆದವನು ನಾನು. ತೂಕ, ಅಳತೆ, ದರ, ಬಾಕಿ ಇವುಗಳಲ್ಲಿ ಸತ್ಯಾಣುವ್ರತಕ್ಕೆ ಎಲ್ಲಿ ಧಕ್ಕೆ ಬರುತ್ತದೆಂಬುದನ್ನು ಬಲ್ಲೆನೆಂಬ ಸಣ್ಣ ಅಹಂಕಾರ ನನ್ನಲ್ಲಿತ್ತು. ಆ ಧಕ್ಕೆ ಅಂಗಡಿಯ ಖಾತೆ ಪುಸ್ತಕದಲ್ಲಿ ಅಲ್ಲ, ಮೊಮ್ಮಗನ ಶಾಲಾ ಡೈರಿಯಲ್ಲಿ, ಅದೂ ನನ್ನ ಮಾತಿನಿಂದಲೇ ಬಂದಿತ್ತೆಂಬುದು ತಿಳಿದದ್ದು ತಡವಾಗಿ.

ಮೊಮ್ಮಗ ಹುಬ್ಬಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ 6ನೆಯ ತರಗತಿಯಲ್ಲಿದ್ದ. ರಾಜ್ಯ ಪಠ್ಯಕ್ರಮದ ಶಾಲೆ. ದಸರಾ ರಜೆ ಮುಗಿದ ಮೇಲೆ ಮೊದಲ ಅವಧಿಯ ಅಂಕಪಟ್ಟಿ ಮನೆಗೆ ಬಂತು. ಗಣಿತದಲ್ಲಿ ‘ಬಿ ಪ್ಲಸ್’. ಹಿಂದಿನ ವರ್ಷದ ಕೊನೆಯಲ್ಲಿಯೂ ‘ಬಿ ಪ್ಲಸ್’ ಇತ್ತು. ನನ್ನ ಮಗ ಸಹಿ ಮಾಡಿ, ‘ಏನೂ ವ್ಯತ್ಯಾಸವಿಲ್ಲ’ ಎಂದು ಬದಿಗಿಟ್ಟ. ಆದರೆ ದಿನವೂ ಸಂಜೆ ಹುಡುಗನ ಪಕ್ಕದಲ್ಲಿ ಕುಳಿತು ಅಭ್ಯಾಸ ಮಾಡಿಸುವವಳು ನನ್ನ ಸೊಸೆ. ಆಕೆ ಅಂಕಪಟ್ಟಿಯ ಹಿಂಬದಿಯಲ್ಲಿ ಮುದ್ರಿಸಿದ್ದ ಕೋಷ್ಟಕವನ್ನು ನನಗೆ ತೋರಿಸಿದಳು. 50ರಿಂದ 69ರವರೆಗಿನ ಅಂಕಕ್ಕೆಲ್ಲ ಒಂದೇ ‘ಬಿ ಪ್ಲಸ್’. ಹಿಂದಿನ ವರ್ಷ ಹುಡುಗನಿಗೆ ಬಂದದ್ದು 68, ಈಗ ಬಂದದ್ದು 52. ಹದಿನಾರು ಅಂಕಗಳ ಇಳಿತ ಒಂದೇ ಅಕ್ಷರದ ಕೆಳಗೆ ಅಡಗಿ ಕುಳಿತಿತ್ತು. ವಾಣಿಜ್ಯ ಶಾಸ್ತ್ರ ಓದಿದ ನನಗೆ ನಾಚಿಕೆಯಾಯಿತು. ಆಖೈರು ಬಾಕಿಯನ್ನು ಮಾತ್ರ ನೋಡಿ ರೋಜುಕೀರ್ದಿಯನ್ನು ತೆರೆಯದ ಗುಮಾಸ್ತನನ್ನು ನಾನು ಒಂದು ದಿನವೂ ಕೆಲಸದಲ್ಲಿ ಇಟ್ಟುಕೊಂಡವನಲ್ಲ.

ಆಗ ಮಗನೂ ಎಚ್ಚೆತ್ತ. ಎಚ್ಚೆತ್ತವನು ಆ ರಾತ್ರಿಯೇ ಪ್ರಾಂಶುಪಾಲರಿಗೆ ಒಂದು ಪತ್ರವನ್ನು ಸಿದ್ಧಪಡಿಸಿ ನನ್ನ ಮುಂದಿಟ್ಟ. ಅದರ ಸಾರಾಂಶ ಹೀಗಿತ್ತು: ಈ ವರ್ಷ ಬಂದಿರುವ ಹೊಸ ಗಣಿತ ಶಿಕ್ಷಕಿ ಸರಿಯಾಗಿ ಕಲಿಸುತ್ತಿಲ್ಲ, ಇಷ್ಟು ಶುಲ್ಕ ಕಟ್ಟಿಯೂ ಮಗುವಿನ ಭವಿಷ್ಯ ಹಾಳಾಗುತ್ತಿದೆ, ಜೂನ್‌ನಲ್ಲಿ ಮಗುವಿಗೆ ಜ್ವರ ಬಂದಿದ್ದರೂ ಯಾರೂ ವಿಶೇಷ ಗಮನ ಕೊಟ್ಟಿಲ್ಲ, ಆದ್ದರಿಂದ ನಾಳೆಯೇ ಭೇಟಿಗೆ ಅವಕಾಶ ಕೊಡಬೇಕು.

ಈ ಪತ್ರದ ದೋಷಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದರ ಧ್ವನಿ. ಆದರೆ ಧ್ವನಿಯನ್ನು ತಿದ್ದುವುದು ಸುಲಭ. ‘ದಯವಿಟ್ಟು’ ಎಂಬ ಶಬ್ದವನ್ನು ಎರಡು ಕಡೆ ಸೇರಿಸಿದರೆ ಮುಗಿಯಿತು. ಅದಕ್ಕಿಂತ ದೊಡ್ಡ ದೋಷವೆಂದರೆ, ತಿಳಿಯಲು ಹೋಗುವ ಮೊದಲೇ ತೀರ್ಪು ಬರೆದಿರುವುದು. ಶಿಕ್ಷಕಿ ಕಲಿಸುತ್ತಿಲ್ಲವೆಂಬುದು ಮಗನಿಗೆ ಹೇಗೆ ತಿಳಿಯಿತು? ನೆರೆಮನೆಯವರು ಹೇಳಿದ್ದರು. ವಸ್ತುವನ್ನು ಒಂದೇ ಕಡೆಯಿಂದ ನೋಡಿ ‘ಇದು ಹೀಗೆಯೇ’ ಎನ್ನಬಾರದೆಂದು ಪಾಠಶಾಲೆಯಲ್ಲಿ ಮಕ್ಕಳಿಗೆ ಆನೆಯ ಕಥೆ ಹೇಳುತ್ತೇವೆ. ಶಾಲೆಯಿಂದ ಅಂಕಪಟ್ಟಿ ಬಂದ ದಿನ ನಾವೇ ಆನೆಯ ಬಾಲ ಹಿಡಿದು ನಿಂತಿರುತ್ತೇವೆ. ಇಂಥ ಪತ್ರವನ್ನು ಓದಿದ ಪ್ರಾಂಶುಪಾಲರು ತಮ್ಮ ಶಿಕ್ಷಕಿಯ ಪರವಾಗಿ ನಿಲ್ಲುವುದು ಸಹಜ. ಶಿಕ್ಷಕಿ ಹಾಜರಿ ಪುಸ್ತಕವನ್ನೂ ಪಾಠ ಯೋಜನೆಯನ್ನೂ ಹಿಡಿದು ತನ್ನ ರಕ್ಷಣೆಗೆ ಸಿದ್ಧಳಾಗಿ ಬರುತ್ತಾಳೆ. ಇಪ್ಪತ್ತು ನಿಮಿಷದ ಭೇಟಿಯಲ್ಲಿ ಹುಡುಗನ ಮಾತು ಬರುವುದೇ ಇಲ್ಲ.

ನಾನು ಮಗನಿಗೆ ಹೇಳಿದೆ: ‘ಪತ್ರ ಎರಡು ದಿನ ಇರಲಿ. ಮೊದಲು ಅವನ ಉತ್ತರ ಪತ್ರಿಕೆಗಳನ್ನು ತರಿಸು.’

ಮೂರು ಉತ್ತರ ಪತ್ರಿಕೆಗಳೂ ಗಣಿತದ ನೋಟುಪುಸ್ತಕವೂ ಬಂದವು. ಸೊಸೆ ಮತ್ತು ನಾನು ಒಂದು ಭಾನುವಾರ ಬೆಳಿಗ್ಗೆ ಅವನ್ನು ಹರಡಿಕೊಂಡು ಕುಳಿತೆವು. ತಪ್ಪಾದ ಲೆಕ್ಕಗಳನ್ನು ಮಾತ್ರ ಒಂದು ಹಾಳೆಯ ಮೇಲೆ ಬರೆದುಕೊಂಡೆವು. ಗುಣಾಕಾರದಲ್ಲಿ ತಪ್ಪಿಲ್ಲ. ಕೋನ, ರೇಖೆಗಳಲ್ಲಿ ತಪ್ಪಿಲ್ಲ. ದೊಡ್ಡ ಸಂಖ್ಯೆಗಳಲ್ಲಿ ಒಂದೆರಡು ಅಜಾಗರೂಕತೆಗಳು. ಉಳಿದ ತಪ್ಪುಗಳೆಲ್ಲವೂ ಬಹುಮಟ್ಟಿಗೆ ಒಂದೇ ಜಾತಿಯವು. ಎರಡು ಸಂಖ್ಯೆಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಕೇಳಿದಲ್ಲಿ ಸುಮ್ಮನೆ ಅವೆರಡನ್ನೂ ಕೂಡಿಸಿದ್ದ, ಅಥವಾ ಜಾಗವನ್ನು ಖಾಲಿ ಬಿಟ್ಟಿದ್ದ. ಬೇರೆ ಬೇರೆ ಛೇದಗಳಿರುವ ಭಿನ್ನರಾಶಿಗಳನ್ನು ಕೂಡಿಸುವಲ್ಲಿ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿಬಿಟ್ಟಿದ್ದ. 1/2 ಮತ್ತು 1/3 ಸೇರಿದರೆ 2/5 ಎಂದು ಬರೆದಿದ್ದ. ಅರ್ಧ ಕಿಲೋ ಬೆಲ್ಲಕ್ಕೆ ಇನ್ನಷ್ಟು ಬೆಲ್ಲ ಸೇರಿಸಿದ ಮೇಲೆ ಒಟ್ಟು ತೂಕ ಅರ್ಧ ಕಿಲೋಗಿಂತ ಕಡಿಮೆಯಾಯಿತೆಂದರೆ ನಮ್ಮ ಅಂಗಡಿಯ ಹಮಾಲನೂ ನಕ್ಕಾನು. ಆದರೆ ನಗುವ ವಿಷಯ ಅದಲ್ಲ. ಛೇದಗಳನ್ನು ಸಮ ಮಾಡಲು ಲಘುತಮ ಸಾಮಾನ್ಯ ಅಪವರ್ತ್ಯ ಬೇಕು. ಅದು ತಿಳಿಯದವನಿಗೆ ಮುಂದಿನ ಪಾಠ ತೆರೆಯುವುದೇ ಇಲ್ಲ. ಒಂದು ಮೆಟ್ಟಿಲು ಬಿಟ್ಟುಹೋಗಿದೆ, ಅದರ ಮೇಲಿನ ಮೆಟ್ಟಿಲುಗಳಲ್ಲಿ ಹುಡುಗ ಎಡವುತ್ತಿದ್ದಾನೆ.

ಆ ಮೆಟ್ಟಿಲು ಎಲ್ಲಿ ಬಿಟ್ಟುಹೋಯಿತು? ನೋಟುಪುಸ್ತಕವೇ ಹೇಳಿತು. ಜೂನ್ ಕೊನೆಯ ವಾರದಲ್ಲಿ ತಾರೀಖುಗಳು ಒಮ್ಮೆಲೇ ನಿಂತು, ಎಂಟು ಶಾಲಾ ದಿನಗಳ ನಂತರ ಮತ್ತೆ ಆರಂಭವಾಗಿದ್ದವು. ನಡುವೆ ಎರಡು ಪುಟ ಖಾಲಿ. ಅಪವರ್ತನ, ಅಪವರ್ತ್ಯಗಳ ಪಾಠ ನಡೆದದ್ದು ಆ ಎಂಟು ದಿನಗಳಲ್ಲಿ.

ಆ ಎಂಟು ದಿನ ಹುಡುಗ ಎಲ್ಲಿದ್ದನೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ತಂಗಿಯ ಮೊಮ್ಮಗಳ ಮದುವೆ ಕೊಲ್ಹಾಪುರದಲ್ಲಿತ್ತು. ಚಾತುರ್ಮಾಸ ಆರಂಭವಾಗುವ ಮೊದಲು ಮುಹೂರ್ತ ಹಿಡಿದದ್ದರಿಂದ ಶಾಲೆ ತೆರೆದ ಮೇಲೆಯೇ ಹೋಗಬೇಕಾಯಿತು. ಅಷ್ಟು ದೂರ ಹೋದ ಮೇಲೆ ಕುಂಭೋಜದ ಬಾಹುಬಲಿ ಕ್ಷೇತ್ರದ ದರ್ಶನವನ್ನೂ ಮಾಡಿಕೊಂಡು, ಬಂಧುಗಳ ಮನೆಗಳಲ್ಲಿ ಊಟ ಮುಗಿಸಿ ಬಂದೆವು. ಶಾಲೆ ಆರಂಭವಾದ ಮೊದಲ ತಿಂಗಳಲ್ಲಿಯೇ ಎಂಟು ದಿನ ರಜೆ ಕೊಡುವುದಿಲ್ಲವೆಂದು ಮಗ ಚಿಂತಿಸಿದಾಗ, ‘ಜ್ವರ ಅಂತ ಬರೆದು ಕೊಡು, ಎಲ್ಲರೂ ಹಾಗೇ ಮಾಡುತ್ತಾರೆ’ ಎಂದವನು ನಾನು. ಡೈರಿಯಲ್ಲಿ ಅವನು ಬರೆದ, ನಾನು ಹೇಳಿಕೊಟ್ಟೆ. ತತ್ತ್ವಾರ್ಥ ಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಕೂಟಲೇಖಕ್ರಿಯೆ ಎಂಬುದೊಂದು ಬರುತ್ತದೆ. ಅದನ್ನು ಸ್ವಾಧ್ಯಾಯ ಮಂಡಲಿಯಲ್ಲಿ ವಿವರಿಸುವಾಗಲೆಲ್ಲ ಸುಳ್ಳು ದಸ್ತಾವೇಜು, ಸುಳ್ಳು ಬಿಲ್ಲು ಎಂದೇ ಉದಾಹರಣೆ ಕೊಡುತ್ತಿದ್ದೆ. ಶಾಲೆಯ ರಜಾ ಚೀಟಿ ನನ್ನ ನೆನಪಿಗೆ ಬಂದಿರಲೇ ಇಲ್ಲ.

ಇದನ್ನು ನಾನು ಒಂದು ಮಾತಿನ ಸುಳ್ಳೆಂದು ತಿಳಿದು ಬಿಡುತ್ತಿದ್ದೆನೋ ಏನೋ. ಆದರೆ ಆ ಭಾನುವಾರ ರಾತ್ರಿ ಹುಡುಗ ತನ್ನ ಅಜ್ಜಿಯ ಬಳಿ ಮಲಗಿದ್ದಾಗ ಒಂದು ಮಾತು ಹೇಳಿದ. ಊರಿನಿಂದ ಬಂದ ಮರುದಿನ ಶಿಕ್ಷಕಿ ತರಗತಿಯಲ್ಲಿ ಅವನ ಹಣೆ ಮುಟ್ಟಿ, ‘ಜ್ವರ ಪೂರ್ತಿ ಬಿಟ್ಟಿತಾ? ಬಿಟ್ಟುಹೋದ ಪಾಠ ಹೇಳಿಕೊಡುತ್ತೇನೆ, ಊಟದ ಬಿಡುವಿನಲ್ಲಿ ಬಾ’ ಎಂದರಂತೆ. ಹುಡುಗ ತಲೆಯಾಡಿಸಿದ. ಆದರೆ ಹೋಗಲಿಲ್ಲ. ಒಬ್ಬನೇ ಹೋದರೆ ಮೇಡಂ ಜ್ವರದ ವಿಷಯ ಕೇಳಿಯಾರು, ಯಾವ ಡಾಕ್ಟರು, ಎಂಥ ಔಷಧ ಎಂದು ಕೇಳಿದರೆ ಏನು ಹೇಳುವುದು ಎಂಬ ಹೆದರಿಕೆ. ಎರಡು ಬಾರಿ ಕರೆದು ಶಿಕ್ಷಕಿ ಸುಮ್ಮನಾದರು. ಆಮೇಲೆ ಅವನಿಗೆ ಅರ್ಥವಾಗದ್ದನ್ನು ಕೇಳುವುದಕ್ಕೇ ಧೈರ್ಯ ಬರಲಿಲ್ಲ. ‘ಯಾರಿಗೂ ಹೇಳಬೇಡ ಅಜ್ಜಿ’ ಎಂದು ಆಣೆ ಹಾಕಿಸಿಕೊಂಡನಂತೆ. ಆಕೆ ಆಣೆಯನ್ನು ಅರ್ಧ ಗಂಟೆ ಪಾಲಿಸಿ ನನ್ನನ್ನು ಎಬ್ಬಿಸಿದಳು.

ಅಂದರೆ, ಪಾಠ ತಪ್ಪಿದ್ದು ಮದುವೆಯಿಂದ. ತಪ್ಪಿದ ಪಾಠ ಮತ್ತೆ ಸಿಗದೆ ಹೋದದ್ದು ಚೀಟಿಯಿಂದ. ನಾವು ದೂರು ಬರೆಯಲು ಹೊರಟಿದ್ದ ಶಿಕ್ಷಕಿ ಎರಡು ಬಾರಿ ಬಾಗಿಲು ತೆರೆದು ಕಾದಿದ್ದರು.

ಮರುದಿನ ಮಗ, ಸೊಸೆ, ನಾನು ಕುಳಿತು ಚರ್ಚಿಸಿದೆವು. ಮಗನ ವಾದವನ್ನು ಇಲ್ಲಿ ನ್ಯಾಯವಾಗಿ ಹೇಳಬೇಕು, ಏಕೆಂದರೆ ಅದು ಹಗುರವಾದ ವಾದವಲ್ಲ. ಅವನೆಂದ: ‘ಅಪ್ಪಾಜಿ, ಭಿನ್ನರಾಶಿ ತಿಳಿದಿಲ್ಲ, ಕಲಿಸಿ ಎಂದು ಕೇಳಿದರೆ ಸಾಕು. ಜ್ವರದ ಮಾತನ್ನು ಈಗೇಕೆ ಎತ್ತಬೇಕು? ಸುಳ್ಳು ಹೇಳಬಾರದಿತ್ತು, ಹೇಳಿ ಆಯಿತು. ಈಗ ನಿಜ ಹೇಳಿದರೆ ಹುಡುಗನನ್ನು ಸುಳ್ಳುಗಾರನೆಂದು ನೋಡುತ್ತಾರೆ. ನಮ್ಮ ಆತ್ಮಸಮಾಧಾನಕ್ಕೆ ಅವನಿಗೇಕೆ ಹಿಂಸೆ?’ ಇನ್ನೊಬ್ಬರಿಗೆ ನೋವಾಗುವ ಸತ್ಯವನ್ನು ನುಡಿಯುವಾಗ ವಿವೇಕ ಬೇಕೆಂದು ನಮ್ಮ ಹಿರಿಯರೂ ಹೇಳಿದ್ದಾರೆ.

ನನಗೆ ಉತ್ತರ ಹೊಳೆದದ್ದು ಶಾಸ್ತ್ರದಿಂದಲ್ಲ, ಬಿ.ಕಾಂ. ತರಗತಿಯ ಲೆಕ್ಕಶಾಸ್ತ್ರದಿಂದ. ಖಾತೆಯಲ್ಲಿ ತಪ್ಪು ನಮೂದಾದರೆ ಅದನ್ನು ಕೆರೆದು ಅಳಿಸಬಾರದು, ಸುಮ್ಮನೆ ಬಿಡಲೂಬಾರದು. ತಿದ್ದುಪಡಿಯ ನಮೂದೊಂದನ್ನು ಬರೆದು, ಅದರ ಕೆಳಗೆ ಯಾವ ತಪ್ಪು, ಯಾರ ಕೈಯಿಂದ ಎಂಬ ವಿವರಣೆ ಕೊಡಬೇಕು. ಹಾಗೆ ಮಾಡದಿದ್ದರೆ ಮುಂದೆ ಆ ಪುಟ ನೋಡುವವನು ತಪ್ಪು ಅಂಕಿಯನ್ನು ನಂಬಿ ತಪ್ಪು ನಿರ್ಣಯಕ್ಕೆ ಬರುತ್ತಾನೆ. ಶಾಲೆಯ ಪುಸ್ತಕದಲ್ಲಿ ನಮ್ಮ ಹುಡುಗ ಎಂಟು ದಿನ ಜ್ವರ ಬಂದು ಮಲಗಿದವನು. ಆ ನಮೂದನ್ನು ನಂಬಿದ ಶಿಕ್ಷಕಿ ಅವನನ್ನು ಅಶಕ್ತನೆಂದು ತಿಳಿದು ಒತ್ತಾಯಿಸದೆ ಬಿಟ್ಟಿರಬಹುದು. ಈಗ ನಾವು ಕೇಳಲು ಹೊರಟಿರುವುದು ಅವನ ಕಲಿಕೆಯ ನಿಜಸ್ಥಿತಿಯನ್ನು. ಕೇಳುವವರೇ ಸುಳ್ಳು ಅಂಕಿ ಕೊಟ್ಟು ಸರಿಯಾದ ಮೊತ್ತ ಹೇಳಿ ಎಂದರೆ ಅವರು ಎಲ್ಲಿಂದ ಹೇಳಿಯಾರು? ಇನ್ನು ಹಿಂಸೆಯ ಮಾತು. ವಿವರಣೆಯಲ್ಲಿ ಯಾರ ಕೈ ಎಂಬುದನ್ನು ಸರಿಯಾಗಿ ಬರೆದರೆ ಹುಡುಗನ ಮೇಲೆ ಭಾರ ಬೀಳುವುದಿಲ್ಲ. ಈಗಲಾದರೋ ಆ ಭಾರವನ್ನು ಅವನೊಬ್ಬನೇ ಹೊತ್ತಿದ್ದ.

ಉಳಿದದ್ದು ಅಜ್ಜಿಯ ಆಣೆಯ ಪ್ರಶ್ನೆ. ಗುಟ್ಟಾಗಿ ಹೇಳಿದ್ದನ್ನು ಬಯಲು ಮಾಡುವುದು ಅದೇ ಐದು ಅತಿಚಾರಗಳಲ್ಲಿ ಇನ್ನೊಂದು. ಮಕ್ಕಳ ಗುಟ್ಟು ಗುಟ್ಟೇ ಅಲ್ಲವೆಂಬಂತೆ ನಾವು ವರ್ತಿಸುತ್ತೇವೆ. ಅವರು ರಾತ್ರಿ ಹೇಳಿದ್ದು ಬೆಳಿಗ್ಗೆ ಶಾಲೆಯ ಕಚೇರಿಯಲ್ಲಿ ಕೇಳಿಬಂದರೆ, ಆ ಮಗು ಮತ್ತೆ ಯಾರಿಗೂ ಏನನ್ನೂ ಹೇಳದು. ಆದ್ದರಿಂದ ಹುಡುಗನನ್ನೇ ಕೇಳಿದೆವು. ಅವನು ಬಹಳ ಹೊತ್ತು ಯೋಚಿಸಿ, ‘ಮೇಡಂಗೆ ಹೇಳಿ. ಆದರೆ ಕ್ಲಾಸಿನಲ್ಲಿ ಹೇಳಬಾರದು’ ಎಂದ. ಆ ಷರತ್ತನ್ನು ಹಾಗೆಯೇ ಪತ್ರಕ್ಕೆ ಸೇರಿಸಿದೆವು. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮಗು ಹೇಳುವ ಗುಟ್ಟು ಹೊಡೆತದ ಅಥವಾ ಅವಮಾನದ ವಿಷಯವಾಗಿದ್ದರೆ ಅದನ್ನು ಮುಚ್ಚಿಡುವ ಹಕ್ಕು ಅಜ್ಜಿಗೂ ಇಲ್ಲ, ಅಜ್ಜನಿಗೂ ಇಲ್ಲ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣ ನಿಷೇಧಿಸುತ್ತದೆ. ಅಂಥದ್ದನ್ನು ಪ್ರಗತಿಯ ಮಾತಿನ ನಡುವೆ ತೂರಿಸದೆ ಬೇರೆಯೇ ದೂರಾಗಿ ಬರೆದು ಕೊಟ್ಟು, ತಲುಪಿದ್ದಕ್ಕೆ ಸಹಿ ಪಡೆಯಬೇಕು.

ಅದೇ ಕಾಯಿದೆಯ 24ನೆಯ ಪ್ರಕರಣದಲ್ಲಿ ಇನ್ನೊಂದು ಮಾತಿದೆ. ಪೋಷಕರೊಡನೆ ನಿಯತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ಇವುಗಳನ್ನು ತಿಳಿಸುವುದು ಶಿಕ್ಷಕರ ಕರ್ತವ್ಯಗಳಲ್ಲೊಂದು. ಅಂದರೆ ಭೇಟಿಯನ್ನು ಕೇಳುವ ತಂದೆತಾಯಿ ಭಿಕ್ಷೆ ಬೇಡುತ್ತಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2025ರಲ್ಲಿ ಇನ್ನೊಂದು ಪೀಠ ಆ ನಿರ್ಣಯದ ಬಗ್ಗೆ ಸಂಶಯ ವ್ಯಕ್ತಪಡಿಸಿತು. ನಮ್ಮ ಸಮಾಜಕ್ಕೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ದೊರೆತದ್ದೂ 2014ರಲ್ಲಿಯೇ. ಬಸದಿಯ ಟ್ರಸ್ಟುಗಳು ನಡೆಸುವ ಶಾಲೆಗಳ ಪದಾಧಿಕಾರಿಗಳು ಈ ವಿನಾಯಿತಿಯನ್ನು ಪ್ರವೇಶದ ಲೆಕ್ಕಕ್ಕೆ ಬಳಸಿದರೂ ಬಳಸಲಿ, ಪೋಷಕರನ್ನು ಗೇಟಿನ ಹೊರಗೆ ನಿಲ್ಲಿಸಲು ಬಳಸದಿದ್ದರೆ ಸಾಕು.

ಇಷ್ಟಾದ ಮೇಲೆ ಮಗ ಇನ್ನೊಂದು ಸಲಹೆ ಮುಂದಿಟ್ಟ. ಆ ಶಾಲೆಯ ಆಡಳಿತ ಮಂಡಳಿಯ ಸದಸ್ಯರೊಬ್ಬರು ನನ್ನ ಹಳೆಯ ವ್ಯಾಪಾರಿ ಸ್ನೇಹಿತರು. ‘ನೀವೊಂದು ಫೋನ್ ಮಾಡಿದರೆ ನಾಳೆಯೇ ಕರೆಯುತ್ತಾರೆ.’ ನಾನು ಫೋನನ್ನು ಕೈಗೆ ತೆಗೆದುಕೊಂಡದ್ದೂ ನಿಜ. ಆಗ ನೆನಪಾದದ್ದು 1994ರ ಒಂದು ಮಧ್ಯಾಹ್ನ. ಇದೇ ಮಗ ಆಗ 8ನೆಯ ತರಗತಿಯಲ್ಲಿದ್ದ. ಇಂಗ್ಲಿಷಿನಲ್ಲಿ ಹಿಂದೆ ಬಿದ್ದಿದ್ದಾನೆಂಬ ಅನುಮಾನದಿಂದ ನಾನು ಬೇರೊಂದು ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಲು ಹೋಗಿದ್ದೆ, ಸಂಸ್ಥೆಯ ಅಧ್ಯಕ್ಷರಿಂದ ಹೇಳಿಸಿಕೊಂಡು. ಮುಖ್ಯೋಪಾಧ್ಯಾಯರು ಕುರ್ಚಿಯಿಂದ ಎದ್ದು ನಿಂತರು. ಚಹಾ ತರಿಸಿದರು. ಇಂಗ್ಲಿಷ್ ಶಿಕ್ಷಕರನ್ನು ಕರೆಸಿದರು. ಅವರು ಅಧ್ಯಕ್ಷರ ಸ್ನೇಹಿತನಾದ ನನ್ನ ಮುಖವನ್ನೂ ಮುಖ್ಯೋಪಾಧ್ಯಾಯರ ಮುಖವನ್ನೂ ನೋಡಿ, ‘ಹುಡುಗ ಜಾಣ ಸರ್, ಸ್ವಲ್ಪ ಬರವಣಿಗೆ ಸುಧಾರಿಸಬೇಕು ಅಷ್ಟೆ’ ಎಂದರು. ನಾನು ಎದೆಯುಬ್ಬಿಸಿ ಮನೆಗೆ ಬಂದೆ. ಹುಡುಗನಿಗೆ ಇಂಗ್ಲಿಷ್ ಪಾಠದ ಒಂದು ಪ್ಯಾರಾವನ್ನು ಅರ್ಥ ಮಾಡಿಕೊಂಡು ಓದಲು ಬರುತ್ತಿರಲಿಲ್ಲವೆಂಬುದು ತಿಳಿದದ್ದು ಮೂರು ವರ್ಷದ ಮೇಲೆ, ಎಸ್.ಎಸ್.ಎಲ್.ಸಿ.ಯಲ್ಲಿ ಅವನು ಆ ವಿಷಯದಲ್ಲಿ ನಪಾಸಾದಾಗ.

ಆ ಶಿಕ್ಷಕರನ್ನು ನಾನು ದೂರುವುದಿಲ್ಲ. ಅವರ ಬಾಯಿ ಕಟ್ಟಿದವನು ನಾನೇ. ವಶೀಲಿಯಿಂದ ಭೇಟಿ ಬೇಗ ಸಿಗುತ್ತದೆ, ನಿಜ. ಆದರೆ ಯಾವ ವಸ್ತುವಿಗಾಗಿ ಭೇಟಿಯನ್ನು ಕೇಳಿದೆವೋ ಆ ವಸ್ತು, ಅಂದರೆ ಶಿಕ್ಷಕರ ಮನಸ್ಸಿನಲ್ಲಿರುವ ನಿಜವಾದ ಅಭಿಪ್ರಾಯ, ವಶೀಲಿ ಒಳಗೆ ಬಂದ ಕೂಡಲೇ ಹಿಂಬಾಗಿಲಿನಿಂದ ಹೊರಟುಹೋಗುತ್ತದೆ. ಇನ್ನೊಬ್ಬರ ಸರದಿಯನ್ನು ಕಸಿಯುವುದು ಅನ್ಯಾಯವೆಂಬುದು ಬೇರೆ ಮಾತು. ಆ ಅನ್ಯಾಯವನ್ನು ಮಾಡಿಯೂ ನನಗೆ ಸಿಕ್ಕಿದ್ದು ಒಂದು ಲೋಟ ಚಹಾ ಮಾತ್ರ. ಮಗನಿಗೆ ಆ ದಿನ ನೆನಪಿತ್ತು. ನಾನು ಫೋನ್ ಕೆಳಗಿಟ್ಟಾಗ ಅವನು ಏನೂ ಹೇಳಲಿಲ್ಲ.

ಪ್ರಾಂಶುಪಾಲರವರೆಗೆ ಹೋಗುವ ಅಗತ್ಯವಿದೆಯೇ ಎಂದು ಸೊಸೆ ಕೇಳಿದ್ದು ಸರಿಯಾದ ಪ್ರಶ್ನೆ. ಸಾಮಾನ್ಯವಾಗಿ ಮೊದಲು ತರಗತಿ ಶಿಕ್ಷಕರನ್ನು, ಆಮೇಲೆ ಆ ವಿಷಯದ ಶಿಕ್ಷಕರನ್ನು ಕಾಣಬೇಕು. ಅವರನ್ನು ಬಿಟ್ಟು ಮೇಲಕ್ಕೆ ಹೋದರೆ ಅವರ ಬೆನ್ನ ಹಿಂದೆ ಮಾತನಾಡಿದಂತಾಗುತ್ತದೆ. ಆದರೆ ನಮ್ಮ ವಿಷಯದಲ್ಲಿ ಹಾಜರಿಯ ದಾಖಲೆಯ ತಿದ್ದುಪಡಿ ಇತ್ತು. ಶಾಲೆಯ ವೇಳೆಯ ಹೊರಗೆ ಪಾಠ ಬೇಕಾದರೆ ಅನುಮತಿ ಕೊಡುವವರೂ ಪ್ರಾಂಶುಪಾಲರೇ. ಆದ್ದರಿಂದ ಸೊಸೆ ಮೊದಲು ತರಗತಿ ಶಿಕ್ಷಕರಿಗೆ ವಿಷಯ ತಿಳಿಸಿ, ಅವರ ಸಮ್ಮತಿಯಿಂದಲೇ ಪತ್ರ ಕೊಟ್ಟಳು. ಪತ್ರವನ್ನು ಬರೆದವಳೂ ಆಕೆಯೇ. ಅದರ ಮುಖ್ಯ ಭಾಗ ಹೀಗಿತ್ತು:

‘ಮಾನ್ಯ ಪ್ರಾಂಶುಪಾಲರಿಗೆ ವಂದನೆಗಳು. 6ನೆಯ ತರಗತಿಯಲ್ಲಿರುವ ನಮ್ಮ ಮಗನ ಗಣಿತದ ಪ್ರಗತಿಯ ಬಗ್ಗೆ ತಮ್ಮನ್ನೂ ತರಗತಿ ಶಿಕ್ಷಕರನ್ನೂ ಗಣಿತ ಶಿಕ್ಷಕಿಯವರನ್ನೂ ಒಟ್ಟಿಗೆ ಇಪ್ಪತ್ತು ನಿಮಿಷ ಕಾಣಲು ಅವಕಾಶ ಕೋರುತ್ತೇವೆ. ಕಳೆದ ವರ್ಷ 68 ಇದ್ದ ಅಂಕ ಈಗ 52 ಆಗಿದೆ. ಉತ್ತರ ಪತ್ರಿಕೆಗಳನ್ನು ನೋಡಿದಾಗ ಹೆಚ್ಚಿನ ತಪ್ಪುಗಳು ಲಘುತಮ ಸಾಮಾನ್ಯ ಅಪವರ್ತ್ಯ ಮತ್ತು ಭಿನ್ನರಾಶಿಗಳ ಸಂಕಲನದಲ್ಲಿ ಕಂಡುಬಂದಿವೆ. ಈ ಪಾಠಗಳು ನಡೆದ ಎಂಟು ದಿನ ಅವನು ಶಾಲೆಗೆ ಬಂದಿರಲಿಲ್ಲ. ಆಗ ಜ್ವರವೆಂದು ಬರೆದುಕೊಟ್ಟದ್ದು ನಿಜವಲ್ಲ. ಕುಟುಂಬದ ಮದುವೆಗೆ ಹೋಗಿದ್ದೆವು. ತಪ್ಪು ಮನೆಯ ಹಿರಿಯರದು, ಮಗುವಿನದಲ್ಲ. ಇದಕ್ಕಾಗಿ ಕ್ಷಮೆ ಕೋರುತ್ತೇವೆ. ಈ ಕಾರಣದಿಂದಲೇ ಅವನು ಶಿಕ್ಷಕಿಯವರು ಕರೆದಾಗಲೂ ಪಾಠ ಕೇಳಲು ಹೋಗಲು ಹೆದರಿದನೆಂದು ತಿಳಿಯಿತು. ಇದನ್ನು ತರಗತಿಯಲ್ಲಿ ಪ್ರಸ್ತಾಪಿಸಬಾರದೆಂದು ಅವನ ಕೋರಿಕೆ. ಭೇಟಿಯಲ್ಲಿ ನಾವು ತಿಳಿಯಬಯಸುವುದು ಎರಡು: ಇನ್ನಾವ ಭಾಗಗಳಲ್ಲಿ ಅವನು ಹಿಂದುಳಿದಿದ್ದಾನೆ? ಮನೆಯಲ್ಲಿ ನಾವು ಏನನ್ನು ಮಾಡಬೇಕು, ಏನನ್ನು ಮಾಡಬಾರದು? ಮಂಗಳವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ ಮೂರರ ನಂತರ ನಾವಿಬ್ಬರೂ ಬರಬಲ್ಲೆವು. ಬೇರೆ ದಿನ ತಮಗೆ ಅನುಕೂಲವಾದರೆ ಅದಕ್ಕೂ ಸಿದ್ಧ.’

ಮಗ ಸಹಿ ಮಾಡುವಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ನಾನೂ ಕೆಳಗೆ ಸಹಿ ಹಾಕಿದೆ. ಚೀಟಿಯ ಸಲಹೆ ನನ್ನದಾಗಿದ್ದರಿಂದ ಭೇಟಿಗೂ ಬರುವೆನೆಂದೆ, ಅದೊಂದು ಮಾತಿನ ಹೊರತು ಬೇರೇನೂ ಆಡುವುದಿಲ್ಲವೆಂಬ ಕರಾರಿನ ಮೇಲೆ. ಅಜ್ಜಂದಿರು ಭೇಟಿಗೆ ಹೋದರೆ ತಮ್ಮ ಕಾಲದ ಶಾಲೆಯ ವರ್ಣನೆ ಆರಂಭಿಸುತ್ತಾರೆಂಬ ಭಯ ಸೊಸೆಗಿತ್ತು. ಅದು ನಿರಾಧಾರವಾದುದಲ್ಲ.

ಐದನೆಯ ದಿನ, ಶುಕ್ರವಾರ, ಮೂರೂಕಾಲಕ್ಕೆ ಕರೆದರು. ಪತ್ರ ಪ್ರಾಂಶುಪಾಲರ ಮೇಜಿನ ಮೇಲಿತ್ತು. ಗಣಿತ ಶಿಕ್ಷಕಿ ಮೂವತ್ತರೊಳಗಿನವರು. ನಾನು ನನ್ನ ಮಾತನ್ನು ಹೇಳಿದೆ. ಪ್ರಾಂಶುಪಾಲರು ನನ್ನನ್ನು ನೋಡಿದ ನೋಟ ಕ್ಷಮೆಯದೂ ಅಲ್ಲ, ಕೋಪದ್ದೂ ಅಲ್ಲ. ‘ಜ್ವರದ ಚೀಟಿಗಳು ಬಹಳ ಬರುತ್ತವೆ ಸರ್, ಮದುವೆಯ ತಿಂಗಳುಗಳಲ್ಲಿ ಹೆಚ್ಚು’ ಎಂದಷ್ಟೇ ಹೇಳಿ ಶಿಕ್ಷಕಿಯ ಕಡೆಗೆ ತಿರುಗಿದರು. ಶಿಕ್ಷಕಿ ತಮ್ಮ ಪುಸ್ತಕ ತೆರೆದರು. ಜುಲೈಯಿಂದ ಹುಡುಗನಿಗೆ ಕಷ್ಟದ ಲೆಕ್ಕಗಳನ್ನು ಕೊಡುವುದನ್ನು ಕಡಿಮೆ ಮಾಡಿದ್ದೆ, ದೇಹ ಸುಧಾರಿಸಲೆಂದು ಹಾಗೆ ಮಾಡಿದ್ದೆ ಎಂದರು. ನಾವು ಊಹಿಸಿದ್ದು ಅಕ್ಷರಶಃ ನಡೆದಿತ್ತು.

ಆಮೇಲೆ ಅವರು ನಮಗೆ ತಿಳಿಯದ ಒಂದು ಮಾತು ಹೇಳಿದರು. ಭಿನ್ನರಾಶಿಯ ಕೊರತೆ ತುಂಬಬಹುದು. ಆದರೆ ವಾಕ್ಯರೂಪದ ಲೆಕ್ಕಗಳಲ್ಲಿ ಹುಡುಗ ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರಕ್ಕೆ ಹಾರುತ್ತಾನೆ, ಕೆಲವೊಮ್ಮೆ ಒಂದು ಸಾಲನ್ನೇ ಬಿಡುತ್ತಾನೆ. ಕಪ್ಪು ಹಲಗೆಯಿಂದ ಬರೆದುಕೊಳ್ಳುವಾಗಲೂ ಹಾಗೆಯೇ. ಮೊದಲು ಕಣ್ಣು ತೋರಿಸಿ ಎಂದರು. ಕಣ್ಣು ಸರಿಯಿದ್ದು ಇತರ ವಿಷಯಗಳ ಓದಿನಲ್ಲಿಯೂ ಇದೇ ಕಂಡುಬಂದರೆ ಕಲಿಕಾ ನ್ಯೂನತೆಯ ಪರೀಕ್ಷೆಯ ಬಗ್ಗೆ ಯೋಚಿಸೋಣ ಎಂದು ಪ್ರಾಂಶುಪಾಲರು ಸೇರಿಸಿದರು. ಮಗನ ಮುಖ ಬಿಗಿಯಿತು. ಪ್ರಾಂಶುಪಾಲರು ಅದನ್ನು ಗಮನಿಸಿ, ಇದು ಬುದ್ಧಿಯ ಕೊರತೆಯಲ್ಲವೆಂದೂ, 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಇಂಥದ್ದನ್ನು ಬೇಗ ಗುರುತಿಸುವ ಹೊಣೆಯನ್ನು ಶಾಲೆಯ ಮೇಲೆಯೇ ಇಟ್ಟಿದೆಯೆಂದೂ ಸಮಾಧಾನವಾಗಿ ವಿವರಿಸಿದರು. ನಾನು 1994ರ ಚಹಾದ ಲೋಟವನ್ನು ನೆನೆಯುತ್ತಿದ್ದೆ. ಈ ಬಾರಿ ಚಹಾ ಬರಲಿಲ್ಲ.

ನಾಲ್ಕು ವಾರ, ವಾರಕ್ಕೆ ಮೂರು ದಿನ, ಬೆಳಗಿನ ಪ್ರಾರ್ಥನೆಗೆ ಮೊದಲು ಅರ್ಧ ಗಂಟೆ ಪಾಠವೆಂದು ನಿಶ್ಚಯವಾಯಿತು. ಮನೆಯಲ್ಲಿ ಹೊಸ ಲೆಕ್ಕ ಹೇಳಿಕೊಡಬಾರದು, ಶಿಕ್ಷಕಿ ಕೊಟ್ಟ ಐದು ಲೆಕ್ಕಗಳನ್ನು ಮಾತ್ರ ಮಾಡಿಸಬೇಕು, ಪ್ರತಿ ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿಸಬೇಕು. ಡಿಸೆಂಬರ್ ಎರಡನೆಯ ವಾರ ಮತ್ತೆ ಹತ್ತು ನಿಮಿಷ ಭೇಟಿ. ಮೊದಲ ದಿನ ಬೆಳಿಗ್ಗೆ ಮಗನೇ ಹುಡುಗನನ್ನು ಕರೆದುಕೊಂಡು ಹೋಗಿ ಬಿಟ್ಟು ಬಂದ. ಶಿಕ್ಷಕಿ ಜ್ವರದ ಮಾತೆತ್ತಲಿಲ್ಲವೆಂದು ಹುಡುಗ ಸಂಜೆ ಅಜ್ಜಿಗೆ ವರದಿ ಒಪ್ಪಿಸಿದ.

ಕಣ್ಣಿನ ಡಾಕ್ಟರು ಕನ್ನಡಕ ಬರೆದುಕೊಟ್ಟರು. ಡಿಸೆಂಬರ್ ಪರೀಕ್ಷೆಯಲ್ಲಿ ಭಿನ್ನರಾಶಿಯ ಲೆಕ್ಕಗಳೆಲ್ಲ ಸರಿಯಾಗಿದ್ದವು. ವಾಕ್ಯರೂಪದ ಲೆಕ್ಕಗಳಲ್ಲಿ ಅರ್ಧ ಮಾತ್ರ. ಇನ್ನೊಂದು ಪರೀಕ್ಷೆ ನೋಡಿ ಮುಂದಿನದನ್ನು ಯೋಚಿಸೋಣವೆಂದು ಎರಡನೆಯ ಭೇಟಿಯಲ್ಲಿ ಮಾತಾಯಿತು. ಶ್ರೇಣಿ ಈಗಲೂ ‘ಬಿ ಪ್ಲಸ್’ ಇದೆ. ನಾವು ಅಕ್ಷರವನ್ನು ಬಿಟ್ಟು ಉತ್ತರ ಪತ್ರಿಕೆಯನ್ನು ನೋಡುತ್ತೇವೆ.

ಫೆಬ್ರುವರಿಯಲ್ಲಿ ಬೆಳಗಾವಿಯಲ್ಲಿ ಸೊಸೆಯ ತಮ್ಮನ ಮದುವೆ ಬಂತು. ಡೈರಿಯಲ್ಲಿ ಆಕೆ ‘ಸೋದರಮಾವನ ಮದುವೆಯ ನಿಮಿತ್ತ ಐದು ದಿನ ರಜೆ’ ಎಂದು ಬರೆದು ಕಳುಹಿಸಿದಳು. ಪ್ರಾಂಶುಪಾಲರು ಐದನ್ನು ಹೊಡೆದುಹಾಕಿ ಎರಡು ಎಂದು ಬರೆದು ಸಹಿ ಮಾಡಿದರು. ಹುಡುಗ ಅರಿಶಿನದ ಶಾಸ್ತ್ರಕ್ಕೆ ಬರಲಿಲ್ಲ. ಮುಹೂರ್ತದ ಹಿಂದಿನ ಸಂಜೆ ಶಾಲೆ ಬಿಟ್ಟ ಮೇಲೆ ನಾನೇ ಅವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೊರಟೆ. ಬೆಳಗಾವಿ ತಲುಪುವವರೆಗೂ ಅವನು ಕಿಟಕಿಯ ಪಕ್ಕ ಕುಳಿತು, ದಾರಿಯ ಕಲ್ಲುಗಳ ಮೇಲಿನ ಅಂಕಿಗಳನ್ನು ಕನ್ನಡಕದೊಳಗಿಂದ ಓದಿ ಓದಿ ನನಗೆ ಹೇಳುತ್ತಿದ್ದ.